ಬಾಬ್ತುವಾರು ಬಿಲ್ಲು, ತಾರೀಕುವಾರು ಕಡತ

ಸಣ್ಣ ವ್ಯಾಪಾರಿಯ ಅಂಗಡಿಗೆ ಕಾಗದಗಳು ಬರುವುದು ತಾರೀಕಿನ ಕ್ರಮದಲ್ಲಿ. ವರ್ಷದ ಲೆಕ್ಕ ಮಾಡುವ ಆಡಿಟರು ಅವನ್ನು ಕೇಳುವುದು ಬಾಬ್ತಿನ ಕ್ರಮದಲ್ಲಿ: ಸರಕಿನ ಖರೀದಿ ಎಷ್ಟು, ಬಾಡಿಗೆ ಎಷ್ಟು, ಕರೆಂಟಿಗೆ ಎಷ್ಟು ಹೋಯಿತು ಎಂದು. ಬಂದ ಹಾಗೆಯೇ ಒಂದು ಸೂಜಿಗೆ ಚುಚ್ಚಿಟ್ಟ ಬಿಲ್ಲುಗಳಿಂದ ಈ ಉತ್ತರ ಸಿಗಬೇಕಾದರೆ ಇಡೀ ವರ್ಷದ ಕಾಗದವನ್ನು ಮತ್ತೆ ತಿರುವಿಹಾಕಬೇಕಾಗುತ್ತದೆ. ಆದ್ದರಿಂದ ಮೊದಲು ಬಾಬ್ತು, ಬಾಬ್ತಿನ ಒಳಗೆ ತಾರೀಕು ಎಂಬ ಕ್ರಮವೇ ಅನುಕೂಲ. ತಿಂಗಳಿಗೊಮ್ಮೆ ಕುಳಿತು ಮಾಡಿದರೆ ಇದು ಒಂದು ಸಂಜೆಯ ಕೆಲಸ. ಮಾರ್ಚ್ ಮುಗಿದ ಮೇಲೆ ಒಟ್ಟಿಗೆ ಮಾಡಲು ಹೊರಟರೆ, ಯಾವ ಚೀಟಿ ಯಾವುದರದ್ದು ಎಂಬುದೇ ಮರೆತುಹೋಗಿರುತ್ತದೆ.

ಕರಾವಳಿಯ ಅನೇಕ ಅಂಗಡಿಗಳಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆಯಾಗುವುದು ದೀಪಾವಳಿಗೆ. ತೆರಿಗೆಯ ವರ್ಷ ಮಾತ್ರ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ದೀಪಾವಳಿಯಲ್ಲಿ ಪೂಜೆಯಾದ ಪುಸ್ತಕವನ್ನು ಏಪ್ರಿಲ್ 1ಕ್ಕೆ ಬರೆಯಲು ತೆಗೆದುಕೊಂಡರೆ ಎರಡಕ್ಕೂ ಸರಿಹೋಗುತ್ತದೆ. ಬಿಲ್ಲಿನ ಕಡತಗಳನ್ನಂತೂ ಏಪ್ರಿಲಿನಿಂದಲೇ ಹೊಸದಾಗಿ ತೆರೆಯಬೇಕು.

ಕಾಪು ಪೇಟೆಯಲ್ಲಿ ಒಂದು ಜೀನಸಿನ ಅಂಗಡಿ ಇದೆ ಎಂದಿಟ್ಟುಕೊಳ್ಳಬಹುದು. ವರ್ಷದ ವ್ಯಾಪಾರ ಸುಮಾರು 30 ಲಕ್ಷ ರೂಪಾಯಿ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ 40 ಲಕ್ಷವಾದ್ದರಿಂದ ಈ ಅಂಗಡಿ ನೋಂದಣಿ ಮಾಡಿಸಿಲ್ಲ. ಅಕ್ಕಿ, ಎಣ್ಣೆ, ಸಾಬೂನು ಉಡುಪಿಯ ಸಗಟು ಅಂಗಡಿಗಳಿಂದ ಬರುತ್ತವೆ. ತೆಂಗಿನಕಾಯಿ ಕಾರ್ಕಳ ಕಡೆಯ ಕೃಷಿಕರಿಂದ, ಗುಳ್ಳ ಮಟ್ಟುವಿನ ಬೆಳೆಗಾರರಿಂದ. ಈ ಅಂಗಡಿಗೆ ಐದು ಬಾಬ್ತು ಸಾಕು: ಖರೀದಿ, ಅಂಗಡಿ ಖರ್ಚು, ಆಸ್ತಿ, ಬ್ಯಾಂಕು ಮತ್ತು ಸಾಲ, ಮಾರಾಟ. ಇಪ್ಪತ್ತು ಬಾಬ್ತು ಮಾಡಿದವರು ಎರಡನೇ ತಿಂಗಳಿಗೇ ಕೈಬಿಡುತ್ತಾರೆ. ಅಂಗಡಿ ಖರ್ಚಿನ ಕಡತದೊಳಗೆ ಬಾಡಿಗೆ, ಮೆಸ್ಕಾಂ ಬಿಲ್ಲು, ಸಂಬಳ, ಸಾಗಾಟ ಮತ್ತು ಹಮಾಲಿ ಎಂದು ದಪ್ಪ ಕಾಗದದ ಅಡ್ಡಪಟ್ಟಿ ಇಟ್ಟರೆ ಒಳವಿಂಗಡಣೆ ತಾನಾಗಿ ಆಗುತ್ತದೆ.

ಖರೀದಿಯ ಕಡತವನ್ನು ಮಾತ್ರ ಎರಡು ಭಾಗ ಮಾಡಲೇಬೇಕು. ತೆಂಗಿನಕಾಯಿ, ತಾಜಾ ತರಕಾರಿ, ಹಾಲಿನಂಥ ಜಿಎಸ್‌ಟಿ ಇಲ್ಲದ ಸರಕು ಒಂದು ಕಡೆ. ಸಾಬೂನು, ಎಣ್ಣೆ, ಬಿಸ್ಕತ್ತಿನಂಥ ತೆರಿಗೆಯ ಸರಕು ಇನ್ನೊಂದು ಕಡೆ. ಇದರ ಬೆಲೆ ಏನೆಂಬುದು 2025ರ ಜುಲೈಯಲ್ಲಿ ರಾಜ್ಯದ ವ್ಯಾಪಾರಿಗಳಿಗೆ ತಿಳಿಯಿತು. ಯುಪಿಐ ಮೂಲಕ ಬಂದ ಹಣದ ಮಾಹಿತಿ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಹಿಂದಿನ ವರ್ಷಗಳ ವ್ಯವಹಾರಕ್ಕೆ ನೋಟಿಸು ಕಳಿಸಿದಾಗ, ತರಕಾರಿ, ಹಾಲು ಮಾರುವವರಿಗೂ ಅದು ತಲುಪಿತು. ತಾವು ಮಾರಿದ್ದು ತೆರಿಗೆಯಿಲ್ಲದ ಸರಕು ಎಂದು ತೋರಿಸಬೇಕಾದಾಗ ನೆರವಿಗೆ ಬರುವುದು ಖರೀದಿಯ ಕಾಗದಗಳೇ. ಇಲ್ಲೊಂದು ವಿಷಯ ಗಮನದಲ್ಲಿರಬೇಕು. ಎರಡೂ ಬಗೆಯ ಸರಕು ಮಾರುವ ಅಂಗಡಿಯಲ್ಲಿ 40 ಲಕ್ಷದ ಮಿತಿ ಲೆಕ್ಕ ಹಾಕುವಾಗ ತೆರಿಗೆಯಿಲ್ಲದ ಸರಕಿನ ಮಾರಾಟವೂ ಸೇರುತ್ತದೆ. ಮಿತಿ ದಾಟಿ ನೋಂದಣಿಯಾದ ಮೇಲೂ ತೆರಿಗೆ ಬೀಳುವುದು ತೆರಿಗೆಯ ಸರಕಿಗೆ ಮಾತ್ರ.

ಕೃಷಿಕರು ಬಿಲ್ಲು ಕೊಡುವುದಿಲ್ಲ. ಬಿಲ್ಲಿಲ್ಲದ ಖರೀದಿಗೆ ವ್ಯಾಪಾರಿ ತಾನೇ ವೋಚರು ಬರೆಯಬೇಕು: ತಾರೀಕು, ಕೊಟ್ಟವರ ಹೆಸರು ಮತ್ತು ಊರು, ಕಾಯಿ ಎಷ್ಟು, ದರ ಎಷ್ಟು, ಒಟ್ಟು ಎಷ್ಟು, ಹಣ ಪಡೆದವರ ಸಹಿ. ಒಂದೇ ದಿನ ಒಬ್ಬರಿಗೆ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟ ಖರ್ಚನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಬೆಳೆದವರಿಂದಲೇ ಕೊಂಡ ಕೃಷಿ ಉತ್ಪನ್ನಕ್ಕೆ ಇದರಿಂದ ವಿನಾಯಿತಿ ಇದೆ. ಆದ್ದರಿಂದ ಕೊಟ್ಟವರು ಬೆಳೆಗಾರರು ಎಂಬ ಒಂದು ಸಾಲು ಆ ವೋಚರಿನಲ್ಲಿ ಇರಲೇಬೇಕು. ಕಾಯಿ ಇಳಿಸಿದ ದಿನವೇ ಬರೆದು ಸಹಿ ಹಾಕಿಸಬೇಕು. ತಿಂಗಳ ಕೊನೆಯಲ್ಲಿ ಒಂದೇ ಪೆನ್ನಿನಲ್ಲಿ, ಒಂದೇ ಕೈಯಲ್ಲಿ ಬರೆದ ಹತ್ತು ವೋಚರುಗಳನ್ನು ಯಾರೂ ನಂಬುವುದಿಲ್ಲ.

ಬಿಲ್ಲಿನಂತೆ ಕಾಣುವುದೆಲ್ಲ ಬಿಲ್ಲಲ್ಲ. ತಲೆಯ ಮೇಲೆ ‘ಎಸ್ಟಿಮೇಟ್’ ಅಥವಾ ‘ಕೊಟೇಷನ್’ ಎಂದು ಅಚ್ಚಾದ ಚೀಟಿ ಖರೀದಿಗೆ ಆಧಾರವಾಗದು. ಸರಕಿನ ಜೊತೆ ಬರುವ ಡೆಲಿವರಿ ಚಲನ್ ಸಾಮಾನು ಇಳಿಯಿತು ಎಂಬುದಕ್ಕೆ ಮಾತ್ರ ಸಾಕ್ಷಿ. ಅದರ ಬಿಲ್ಲು ಬೇರೆ ಬರುತ್ತದೆ. ಬಿಲ್ಲಿನಲ್ಲಿ ಕ್ರಮಸಂಖ್ಯೆ, ತಾರೀಕು, ಮಾರಿದವರ ಹೆಸರು ವಿಳಾಸ ಇರಬೇಕು. ಮಾರಿದವರು ನೋಂದಾಯಿತರಾಗಿದ್ದರೆ ಜಿಎಸ್‌ಟಿ ಸಂಖ್ಯೆಯೂ ಇರಬೇಕು. ರಶೀದಿ ಇನ್ನೊಂದು ಬಗೆಯದು. ಅದು ಹಣ ಸಂದಿದೆ ಎಂಬುದನ್ನು ಹೇಳುತ್ತದೆ. ಸಣ್ಣ ಲೆಕ್ಕಗಳಲ್ಲಿ ಅತಿ ಹೆಚ್ಚು ತಪ್ಪು ಆಗುವುದು ಬಿಲ್ಲು ಮತ್ತು ರಶೀದಿಯ ನಡುವೆಯೇ.

ಆ ತಪ್ಪು ಹೇಗಾಗುತ್ತದೆ ಎಂಬುದನ್ನು ಕಾಪುವಿನ ಅಂಗಡಿಯ ಒಂದು ಬಿಲ್ಲಿನಲ್ಲೇ ನೋಡಬಹುದು. ಉಡುಪಿಯ ಸಗಟು ಅಂಗಡಿಯಿಂದ ಎಣ್ಣೆ ಮತ್ತು ಸಾಬೂನು ತಂದ ಬಿಲ್ಲು, ತಾರೀಕು 2025ರ ಮಾರ್ಚ್ 28, ಮೊತ್ತ 18,400 ರೂಪಾಯಿ. ಸರಕು ಮರುದಿನ ಅಂಗಡಿಗೆ ಬಂತು. ಉದ್ರಿ ವ್ಯವಹಾರವಾದ್ದರಿಂದ ಚೆಕ್ಕು ಕೊಟ್ಟಿದ್ದು ಏಪ್ರಿಲ್ 9ಕ್ಕೆ. ಅವತ್ತು ಅಷ್ಟೇ ಮೊತ್ತದ ರಶೀದಿ ಬಂತು. ಬಿಲ್ಲನ್ನೂ ರಶೀದಿಯನ್ನೂ ಖರೀದಿಯ ಕಡತಕ್ಕೇ ಹಾಕಿ ಕೂಡಿದರೆ 36,800 ರೂಪಾಯಿಯ ಖರೀದಿ ಆದಂತಾಗುತ್ತದೆ, ಅದೂ ಎರಡು ವರ್ಷಗಳಲ್ಲಿ ಹಂಚಿಹೋಗಿ. ಸರಿಯಾದ ಕ್ರಮ ಹೀಗೆ: ಬಿಲ್ಲು 2024-25ರ ಖರೀದಿ ಕಡತದಲ್ಲಿ ಮಾರ್ಚ್ 28ರ ಸ್ಥಾನಕ್ಕೆ ಹೋಗುತ್ತದೆ. ಅದರ ಬಲಮೂಲೆಯಲ್ಲಿ ಕೆಂಪು ಶಾಯಿಯಿಂದ ಖ-412 ಎಂದು ಕ್ರಮಸಂಖ್ಯೆ ಬೀಳುತ್ತದೆ. ಕಿರ್ದಿಯಲ್ಲಿ ಬರೆಯುವ ಸಾಲು: ‘ಮಾರ್ಚ್ 28, ಎಣ್ಣೆ ಸಾಬೂನು ಖರೀದಿ, ಉದ್ರಿ, ಖ-412, ರೂ. 18,400’. ಮಾರ್ಚ್ 31ರಂದು ಈ ಮೊತ್ತ ಕೊಡಬೇಕಾದ ಬಾಕಿಯ ಪಟ್ಟಿಯಲ್ಲಿ ನಿಲ್ಲುತ್ತದೆ. ಏಪ್ರಿಲ್ 9ರ ರಶೀದಿ 2025-26ರ ಬ್ಯಾಂಕಿನ ಕಡತಕ್ಕೆ ಹೋಗುತ್ತದೆ. ಅದರ ಬೆನ್ನಿಗೆ ‘ಹಿಂದಿನ ವರ್ಷದ ಖ-412ರ ಬಾಬ್ತು’ ಎಂದು ಬರೆದರೆ ಮುಗಿಯಿತು. ಹಳೆಯ ಬಾಕಿ ತೀರಿತು, ಹೊಸ ವರ್ಷಕ್ಕೆ ಅದರಿಂದ ಖರ್ಚೇನೂ ಸೇರಲಿಲ್ಲ.

ಮಾರ್ಚ್ ತಿಂಗಳ ಕರೆಂಟಿಗೆ ಏಪ್ರಿಲ್ ಮೊದಲ ವಾರ ಬರುವ ಮೆಸ್ಕಾಂ ಬಿಲ್ಲಿಗೂ ಇದೇ ವಿವೇಚನೆ ಬೇಕು. ಖರ್ಚು ಯಾವ ತಿಂಗಳಿನದ್ದೋ ಆ ವರ್ಷಕ್ಕೇ ಹಾಕುವ ಪದ್ಧತಿ ಇಟ್ಟುಕೊಂಡವರು ಅದನ್ನು ಮಾರ್ಚಿನ ಕಡತದಲ್ಲಿಡುತ್ತಾರೆ. ಹಣ ಕೊಟ್ಟ ದಿನವನ್ನೇ ಹಿಡಿಯುವವರು ಏಪ್ರಿಲಿನಲ್ಲಿ. ಯಾವುದನ್ನು ಹಿಡಿದರೂ ಎಲ್ಲ ಬಾಬ್ತಿಗೂ ಅದನ್ನೇ, ವರ್ಷವರ್ಷವೂ ಅದನ್ನೇ ಹಿಡಿಯಬೇಕು. ಒಂದು ವರ್ಷಕ್ಕೆ ಹನ್ನೊಂದು ಅಥವಾ ಹದಿಮೂರು ಕರೆಂಟು ಬಿಲ್ಲು ಬಂದಿದ್ದರೆ ಕ್ರಮ ನಡುವೆ ಬದಲಾಗಿದೆ, ಇಲ್ಲವೇ ಒಂದು ಬಿಲ್ಲು ಕಳೆದಿದೆ ಎಂದರ್ಥ.

ಖರ್ಚಿನಂತೆ ಕಂಡರೂ ಖರ್ಚಲ್ಲದ ಕಾಗದಗಳಿಗೆ ಬೇರೆ ಜಾಗ ಬೇಕು. ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆಯನ್ನೂ ಅಂಗಡಿಯ ಬಾಗಿಲಲ್ಲೇ ಪಡೆಯುತ್ತಿತ್ತು. ಈ ಸೀಮೆಯ ವ್ಯಾಪಾರಿಗಳಿಗೆ ಪಿಗ್ಮಿ ಇವತ್ತಿಗೂ ಬಿಟ್ಟಿರಲಾಗದ ಅಭ್ಯಾಸ. ದಿನಾ ಗಲ್ಲಾಪೆಟ್ಟಿಗೆಯಿಂದ ಹಣ ಹೋಗುವುದರಿಂದ ಪಿಗ್ಮಿಯ ಚೀಟಿ ಎಷ್ಟೋ ಸಲ ಖರ್ಚಿನ ಸೂಜಿಗೇ ಸಿಕ್ಕಿಬಿಡುತ್ತದೆ. ಅದು ಉಳಿತಾಯ, ಅದರ ಜಾಗ ಬ್ಯಾಂಕಿನ ಕಡತ. ಸಾಲದ ಕಂತೂ ಹೀಗೆಯೇ: ಬಡ್ಡಿಯ ಭಾಗ ಖರ್ಚು, ಅಸಲಿನ ಭಾಗ ಸಾಲದ ತೀರುವಳಿ. ಎರಡನ್ನೂ ಬೇರೆ ಮಾಡಿ ತೋರಿಸುವ ಸ್ಟೇಟ್‌ಮೆಂಟನ್ನು ಬ್ಯಾಂಕಿನಿಂದ ಮಾರ್ಚ್ ಮುಗಿದ ಕೂಡಲೇ ತರಿಸಿಕೊಳ್ಳಬೇಕು. ಅಂಗಡಿಯಿಂದ ಮನೆಗೆ ಒಯ್ದ ಅಕ್ಕಿ ಬೆಲ್ಲಕ್ಕೂ ಒಂದು ಚೀಟಿ ಬರೆದಿಟ್ಟರೆ ವರ್ಷದ ಕೊನೆಗೆ ಸರಕಿನ ಲೆಕ್ಕ ಕಡಿಮೆ ಬೀಳದು.

ಆಸ್ತಿಯ ಕಡತ ತೆಳುವಾಗಿದ್ದರೂ ಅದರಲ್ಲಿ ತಾರೀಕಿಗೆ ತೂಕ ಹೆಚ್ಚು. ಕಾಪುವಿನ ಅಂಗಡಿ 2024ರ ಡಿಸೆಂಬರ್ 14ಕ್ಕೆ 24,000 ರೂಪಾಯಿಯ ಫ್ರಿಜ್ಜು ತಂದು ಅಂದೇ ಬಳಕೆಗೆ ಇಟ್ಟಿತು ಎನ್ನೋಣ. ಅಷ್ಟೂ ಹಣ ಆ ವರ್ಷದ ಖರ್ಚಾಗುವುದಿಲ್ಲ. ಇಂಥ ಯಂತ್ರಗಳ ಸವಕಳಿ ವರ್ಷಕ್ಕೆ ಶೇ. 15, ಬಳಸಿದ್ದು 180 ದಿನಕ್ಕಿಂತ ಕಡಿಮೆಯಾದ್ದರಿಂದ ಮೊದಲ ವರ್ಷ ಅದರ ಅರ್ಧ, ಅಂದರೆ 1,800 ರೂಪಾಯಿ. ಆ ಬಿಲ್ಲು ಮುಂದಿನ ವರ್ಷಗಳಿಗೂ ಬೇಕಾಗುವುದರಿಂದ ಈ ಕಡತವನ್ನು ವರ್ಷ ಮುಗಿದರೂ ಕಟ್ಟಿಡಬಾರದು.

ಮಾರಾಟದ ಕಡತದಲ್ಲಿ ದಿನದ ನಗದು ಚೀಟಿ ಮತ್ತು ಯುಪಿಐ ಸ್ಟೇಟ್‌ಮೆಂಟು ಜೊತೆಜೊತೆಯಾಗಿ ಇರಬೇಕು. ಮಣಿಪಾಲದಲ್ಲಿ ವಿದ್ಯಾರ್ಥಿಗಳೇ ಗಿರಾಕಿಗಳಾಗಿರುವ ಅಂಗಡಿಗಳಲ್ಲಿ ನಗದಿಗಿಂತ ಸ್ಟೇಟ್‌ಮೆಂಟೇ ಉದ್ದವಾಗಿರುತ್ತದೆ. ಅದೇ ಖಾತೆಗೆ ತಮ್ಮ ಕಳಿಸಿದ ಹಣ, ಸ್ನೇಹಿತರು ಹಿಂತಿರುಗಿಸಿದ ಕೈಗಡವೂ ಬಂದಿರುತ್ತವೆ. ತಿಂಗಳ ಸ್ಟೇಟ್‌ಮೆಂಟು ಅಚ್ಚು ಹಾಕಿಸಿದ ಕೂಡಲೇ ಅಂಥ ಸಾಲುಗಳ ಎದುರು ‘ಮಾರಾಟವಲ್ಲ’ ಎಂದು ಕಾರಣ ಸಹಿತ ಬರೆದಿಡಬೇಕು; ನಾಲ್ಕು ವರ್ಷ ಕಳೆದು ಕೇಳಿದರೆ ಯಾರಿಗೂ ನೆನಪಿರದು. ವಿವರ ಲೆಕ್ಕ ಬರೆಯದೆ ವ್ಯಾಪಾರದ ಶೇಕಡಾವಾರು ಲಾಭ ತೋರಿಸುವ ಸರಳ ಕ್ರಮದಲ್ಲೂ ಬ್ಯಾಂಕಿನ ಮೂಲಕ ಬಂದ ಮಾರಾಟಕ್ಕೆ ಕನಿಷ್ಠ ಶೇ. 6, ನಗದು ಮಾರಾಟಕ್ಕೆ ಶೇ. 8 ಎಂಬ ಭೇದ ಇರುವುದರಿಂದ, ಈ ಎರಡರ ಮೊತ್ತ ಬೇರೆ ಬೇರೆಯಾಗಿ ಗೊತ್ತಿರಬೇಕು.

ಜೋಡಣೆ ಸರಿಯಿದೆಯೇ ಎಂದು ತಿಳಿಯಲು ಎರಡು ದಿಕ್ಕಿನ ಪರೀಕ್ಷೆ ಇದೆ. ಕಿರ್ದಿಯಿಂದ ಹತ್ತು ಸಾಲು ಆರಿಸಿ, ಸಂಖ್ಯೆ ಹಿಡಿದು ಕಾಗದ ಹುಡುಕಬೇಕು. ಸಿಗದಿದ್ದರೆ ಆಧಾರವಿಲ್ಲದ ಖರ್ಚು ಬರೆದಂತಾಯಿತು. ಕಡತದಿಂದ ಹತ್ತು ಕಾಗದ ಆರಿಸಿ ಕಿರ್ದಿಯಲ್ಲಿ ಹುಡುಕಬೇಕು. ಸಿಗದಿದ್ದರೆ ಆದ ಖರ್ಚು ಲೆಕ್ಕಕ್ಕೆ ಬರಲಿಲ್ಲ. ಕಡತದಲ್ಲಿ ಖ-97 ಆದ ಮೇಲೆ ಖ-99 ಬಂದರೆ ನಡುವಿನದು ಎಲ್ಲೋ ಜಾರಿದೆ.

ಇನ್ನು ಕಾಗದದ ಬಾಳಿಕೆ. ಪೆಟ್ರೋಲ್ ಬಂಕು, ಕಾರ್ಡು ಯಂತ್ರಗಳ ನುಣುಪು ಚೀಟಿಯಲ್ಲಿ ಶಾಯಿಯೇ ಇರುವುದಿಲ್ಲ. ಬಿಸಿಗೆ ಕಪ್ಪಾಗುವ ಲೇಪದ ಮೇಲೆ ಅಕ್ಷರ ಮೂಡಿರುತ್ತದೆ. ಬಿಸಿಲು, ಗೋಂದು, ಪ್ಲಾಸ್ಟಿಕ್ ಕವರು ತಾಗಿದರೆ ಆ ಅಕ್ಷರ ಮಾಸುತ್ತಾ ಹೋಗಿ ಕೊನೆಗೆ ಬಿಳಿ ಕಾಗದ ಉಳಿಯುತ್ತದೆ. ಬಂದ ವಾರವೇ ಅದರ ಜೆರಾಕ್ಸ್ ತೆಗೆದು, ಮೂಲ ಚೀಟಿಯನ್ನು ಅದರ ಹಿಂದೆ ಪಿನ್ನು ಹೊಡೆದಿಡಬೇಕು. ಮೊಬೈಲಿನಲ್ಲಿ ಚಿತ್ರ ತೆಗೆಯುವವರು `2024-12-14_ASTI_03.jpg` ಎಂಬಂತೆ ವರ್ಷ, ತಿಂಗಳು, ದಿನ ಮೊದಲು ಬರುವ ಹಾಗೆ ಹೆಸರಿಟ್ಟರೆ ಚಿತ್ರಗಳು ತಾವಾಗಿ ತಾರೀಕಿನ ಸಾಲಿಗೆ ಬರುತ್ತವೆ. ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಯಲ್ಲಿ ನೆಲಕ್ಕೂ ಗೋಡೆಗೂ ತಾಗಿದ ಕಡತಕ್ಕೆ ಬೂಸ್ಟು ಹಿಡಿಯುವುದು ಖಂಡಿತ. ನೆಲದಿಂದ ಎತ್ತರದ, ಗೋಡೆಯಿಂದ ನಾಲ್ಕು ಬೆರಳು ದೂರದ ಹಲಗೆ ಇದಕ್ಕೆ ಬೇಕು.

ನೋಂದಾಯಿತ ವ್ಯಾಪಾರಿ ಜಿಎಸ್‌ಟಿ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಡಬೇಕು. 2024-25ರ ಕಡತಗಳಿಗೆ ಅದು 2031ರ ಡಿಸೆಂಬರಿನವರೆಗೆ. ಆದಾಯ ತೆರಿಗೆಯಲ್ಲಿ ಕರನಿರ್ಧಾರಣೆಯ ವರ್ಷ ಮುಗಿದು ಆರು ವರ್ಷ ಎಂದು ಹಿಡಿದರೆ 2032ರ ಮಾರ್ಚಿಗೆ ಬರುತ್ತದೆ. ಪೆಟ್ಟಿಗೆಯ ಮೇಲೆ ವರ್ಷದ ಜೊತೆಗೆ ‘2032 ಮಾರ್ಚ್ ತನಕ’ ಎಂದು ಬರೆದಿಟ್ಟರೆ, ನೋಂದಣಿ ಇರಲಿ ಇಲ್ಲದಿರಲಿ, ಯಾವ ಕಡತವನ್ನು ಯಾವಾಗ ಹೊರಹಾಕಬಹುದು ಎಂಬುದು ಮನೆಯ ಯಾರಿಗಾದರೂ ತಿಳಿಯುತ್ತದೆ.