ಟ್ರೇಲರ್ ಹಾಕಿದ್ದೀರಿ ಸರಿ, ಅದು ಯಾರ ಕಣ್ಣಿಗೆ ಬೀಳುತ್ತದೆ?

ಚಾನೆಲ್ ಟ್ರೇಲರ್ ಹಾಕಿಬಿಟ್ಟರೆ ಬಂದವರೆಲ್ಲ ಮೊದಲು ಅದನ್ನೇ ನೋಡುತ್ತಾರೆ ಎಂದು ಯೂಟ್ಯೂಬ್ ಚಾನೆಲ್ ನಡೆಸುವ ಅನೇಕರು ನಂಬಿದ್ದಾರೆ. ನಿಜ ಹಾಗಿಲ್ಲ. ಹುಡುಕಾಟದಿಂದಲೋ ಯೂಟ್ಯೂಬಿನ ಶಿಫಾರಸಿನಿಂದಲೋ ಬಂದವರು ನೇರವಾಗಿ ಯಾವುದೋ ಒಂದು ವಿಡಿಯೊಗೆ ಬರುತ್ತಾರೆ, ನೋಡಿ ಹೋಗುತ್ತಾರೆ. ಅವರಲ್ಲಿ ಕೆಲವರು ಮಾತ್ರ ‘ಇವರದ್ದು ಬೇರೆ ಏನಿದೆ?’ ಎಂದು ಚಾನೆಲ್ ಹೆಸರನ್ನು ಒತ್ತಿ ಮುಖಪುಟಕ್ಕೆ ಬರುವುದು. ಅಂದರೆ ಟ್ರೇಲರ್ ನೋಡುವವರು ನಿಮ್ಮ ಒಂದಾದರೂ ವಿಡಿಯೊ ನೋಡಿರುವ, ಆದರೆ ಇನ್ನೂ ಸಬ್‌ಸ್ಕ್ರೈಬ್ ಆಗದ ಜನ. ಸಬ್‌ಸ್ಕ್ರೈಬರುಗಳಿಗೆ ಅದೇ ಜಾಗದಲ್ಲಿ ಬೇರೆ ವಿಡಿಯೊ ತೋರಿಸಬಹುದು. ಯೂಟ್ಯೂಬ್ ಸ್ಟುಡಿಯೊದ Customization ಪುಟದಲ್ಲಿ ಇವೆರಡಕ್ಕೂ ಬೇರೆ ಬೇರೆ ಆಯ್ಕೆಗಳಿವೆ.

ಇದು ಗೊತ್ತಾದರೆ ಎರಡನೇ ತಪ್ಪು ತಿಳಿವಳಿಕೆ ತಾನಾಗಿ ಸಡಿಲವಾಗುತ್ತದೆ: ‘ಹೆಚ್ಚು ವೀಕ್ಷಣೆ ಬಂದ ವಿಡಿಯೊನೇ ಟ್ರೇಲರ್‌ಗೆ ಇಟ್ಟರಾಯಿತು.’ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಕನ್ನಡದಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರೊಬ್ಬರ ಚಾನೆಲ್ ಇದೆ ಅಂದುಕೊಳ್ಳಿ. ಒಮ್ಮೆ ಊರ ಜಾತ್ರೆಯ ತೇರು ಎಳೆಯುವುದನ್ನು ಹಾಕಿದ್ದರು, ಅವರ ಚಾನೆಲ್ಲಿನಲ್ಲೇ ಅತಿ ಹೆಚ್ಚು ಓಡಿದ್ದು ಅದು. ಅದನ್ನೇ ಟ್ರೇಲರ್ ಮಾಡಿದರೆ, ಥೇಲ್ಸ್ ಪ್ರಮೇಯ ಹುಡುಕಿಕೊಂಡು ಬಂದ ಹುಡುಗಿಗೆ ಮುಖಪುಟದಲ್ಲಿ ತೇರು ಕಾಣುತ್ತದೆ. ತಪ್ಪಿ ಬಂದೆನೇನೋ ಎಂದು ಆಕೆ ಹಿಂದೆ ಸರಿದರೆ ಆಶ್ಚರ್ಯವಿಲ್ಲ. ತೇರು ನೋಡಿ ಸಬ್‌ಸ್ಕ್ರೈಬ್ ಆದವರೋ ಮುಂದೆ ವರ್ಗಸಮೀಕರಣದ ಪಾಠ ಬಂದಾಗ ಅದನ್ನು ಒತ್ತುವುದಿಲ್ಲ.

ಹಾಗಾದರೆ ಟ್ರೇಲರ್‌ನಲ್ಲಿ ಏನಿರಬೇಕು? ‘ನಮಸ್ಕಾರ ವೀಕ್ಷಕರೇ’ ಎಂದು ಶುರುಮಾಡಿ ಹುಟ್ಟೂರು, ಓದು, ಸೇವಾವಧಿ, ಚಾನೆಲ್ ಆರಂಭಿಸಿದ ಕಥೆ ಎಲ್ಲವನ್ನೂ ಹೇಳುವ ರೂಢಿ ನಮ್ಮಲ್ಲಿ ಬಲವಾಗಿದೆ. ಬಂದವರಿಗೆ ಬೇಕಾದದ್ದು ಅದಲ್ಲ. ನಮ್ಮ ಮೇಷ್ಟ್ರು ಕಪ್ಪುಹಲಗೆಯ ಮೇಲೆ ತ್ರಿಭುಜ ಬರೆಯುತ್ತಲೇ ಶುರುಮಾಡಲಿ: ‘ಹತ್ತನೇ ತರಗತಿ ಗಣಿತದ ಪ್ರತಿ ಅಧ್ಯಾಯವೂ ಇಲ್ಲಿ ಕನ್ನಡದಲ್ಲಿದೆ. ಪ್ರತಿ ಭಾನುವಾರ ಒಂದು ಹೊಸ ಪಾಠ, ಪರೀಕ್ಷೆ ಹತ್ತಿರವಾದಾಗ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತೇವೆ.’ ನಡುವೆ ನಿಜವಾದ ಪಾಠಗಳ ಎರಡು ಮೂರು ತುಣುಕು, ಕೊನೆಗೆ ಯಾವ ಪಾಠದಿಂದ ಶುರುಮಾಡಬೇಕು ಎಂಬ ಮಾತು. ಒಂದು ನಿಮಿಷದೊಳಗೆ ಮುಗಿಯುತ್ತದೆ. ವಾರಕ್ಕೊಂದು ಪಾಠ ಹಾಕಲು ಆಗದಿದ್ದರೆ ‘ಪ್ರತಿ ಭಾನುವಾರ’ ಎನ್ನಬಾರದು, ಏಕೆಂದರೆ ಮುಖಪುಟದಲ್ಲಿ ಟ್ರೇಲರಿನ ಕೆಳಗೇ ವಿಡಿಯೊಗಳಿಗೆ ಎಷ್ಟು ದಿನವಾಯಿತೆಂದು ಕಾಣಿಸುತ್ತಿರುತ್ತದೆ.

ಸಿನಿಮಾ ಹಾಡಿನ ಹಿನ್ನೆಲೆ ಬೇಡ. ಚಾನೆಲ್ ಪುಟದಲ್ಲಿ ಓಡುವ ಟ್ರೇಲರ್‌ಗೆ ಸಾಮಾನ್ಯವಾಗಿ ಜಾಹೀರಾತು ಬರುವುದಿಲ್ಲ. ಹಾಡಿನ ಹಕ್ಕುದಾರರು ಕ್ಲೈಮ್ ಮಾಡಿದರೆ ಆ ಅನುಕೂಲ ಕೈತಪ್ಪಬಹುದು.

ಇನ್ನು ಮುಖಪುಟ. ಇಲ್ಲಿರುವ ನಂಬಿಕೆ ‘ಹೆಚ್ಚು ಸಾಲುಗಳಿದ್ದಷ್ಟೂ ತುಂಬಿದ ಚಾನೆಲ್ಲಿನ ಹಾಗೆ ಕಾಣುತ್ತದೆ’ ಎಂಬುದು. ಯೂಟ್ಯೂಬ್ 12 ಸಾಲುಗಳವರೆಗೆ ಅವಕಾಶ ಕೊಡುತ್ತದೆ ನಿಜ, ಆದರೆ ಫೋನಿನಲ್ಲಿ ನೋಡುವವರು ಅಷ್ಟು ಕೆಳಗೆ ಇಳಿಯುವುದು ಅಪರೂಪ. ಮೇಷ್ಟ್ರಿಗೆ ನಾಲ್ಕು ಸಾಲು ಸಾಕು. ಹತ್ತನೇ ತರಗತಿ ಪಾಠಗಳು ಮೊದಲು, ಆಮೇಲೆ ಪ್ರಶ್ನೆಪತ್ರಿಕೆಗಳು, ಆಮೇಲೆ ಒಂಬತ್ತನೇ ತರಗತಿ, ಕೊನೆಗೆ ಶಾರ್ಟ್ಸ್. ಜನಪ್ರಿಯ ವಿಡಿಯೊಗಳ ಸಾಲನ್ನು ಅವರು ತೆಗೆದುಬಿಡುವುದು ಮೇಲು, ಅಲ್ಲೂ ಮೊದಲಿಗೆ ಬರುವುದು ತೇರೇ. ಮಾರ್ಚ್ ಹತ್ತಿರವಾದಾಗ ಪ್ರಶ್ನೆಪತ್ರಿಕೆಯ ಸಾಲನ್ನು ಎಳೆದು ಮೇಲಕ್ಕೆ ತಂದರೆ ಆಯಿತು.

ಹೆಚ್ಚಿನವರು ಎಡವುವ ಜಾಗ ಇನ್ನೊಂದಿದೆ. ಪ್ಲೇಲಿಸ್ಟನ್ನು ಸಾಲಾಗಿ ಇಟ್ಟಾಗ ಅದರ ಹೆಸರೇ ಸಾಲಿನ ತಲೆಬರಹವಾಗುತ್ತದೆ. ‘My Videos 2’ ಎಂಬ ಹೆಸರಿದ್ದರೆ ಮುಖಪುಟದಲ್ಲೂ ಅದೇ ಕಾಣುತ್ತದೆ, ಆ ಸಾಲು ಯಾರಿಗೆಂದು ಯಾರಿಗೂ ತಿಳಿಯದು. ‘ಹತ್ತನೇ ತರಗತಿ ಗಣಿತ: ಅಧ್ಯಾಯವಾರು’ ಎಂದಿರಲಿ. ಪ್ಲೇಲಿಸ್ಟಿನೊಳಗಿನ ಕ್ರಮವೂ ಮುಖ್ಯ. ಇತ್ತೀಚಿನದು ಮೊದಲು ಬರುವಂತೆ ಇಟ್ಟಿದ್ದರೆ ಹೊಸಬರಿಗೆ ಕೊನೆಯ ಅಧ್ಯಾಯ ಎದುರಾಗುತ್ತದೆ. ಪಾಠದ ಚಾನೆಲ್ಲಿಗೆ ಒಂದನೇ ಪಾಠವೇ ಎಡತುದಿಯಲ್ಲಿರಬೇಕು.

ಇಷ್ಟೆಲ್ಲ ಮಾಡಿ ‘ನನ್ನ ಫೋನಿನಲ್ಲಿ ಚೆನ್ನಾಗಿ ಕಾಣುತ್ತಿದೆ’ ಎಂದು ನೆಮ್ಮದಿಯಾಗುವುದೂ ಒಂದು ಭ್ರಮೆ. ನಿಮ್ಮ ಖಾತೆಯಲ್ಲಿ ನೀವು ನೋಡುತ್ತಿರುವುದು ಹೊಸಬರ ಪುಟವಲ್ಲ. ‘For You’ ಸಾಲನ್ನು ಇಟ್ಟುಕೊಂಡಿದ್ದರೆ ಅದು ನೋಡುವವರ ಇತಿಹಾಸಕ್ಕೆ ತಕ್ಕಂತೆ ಬದಲಾಗುತ್ತದೆ ಬೇರೆ. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಲಾಗಿನ್ ಆಗದೆ, ಫೋನಿನಲ್ಲೊಮ್ಮೆ ಕಂಪ್ಯೂಟರಿನಲ್ಲೊಮ್ಮೆ ತೆರೆದು ನೋಡಿ. ಬ್ಯಾನರಿನ ಬರಹ ಫೋನಿನಲ್ಲಿ ಅಂಚಿಗೆ ಕತ್ತರಿಸಿಹೋಗಿದೆಯೇ ಎಂಬುದೂ ಆಗಲೇ ಗೊತ್ತಾಗುವುದು. ಟ್ರೇಲರಿನ ಮಟ್ಟಿಗೆ, ಅನಲಿಟಿಕ್ಸ್‌ನಲ್ಲಿ ಆ ವಿಡಿಯೊದ ವೀಕ್ಷಣೆ ಉಳಿಕೆಯ ಗೆರೆ ತೆರೆಯಿರಿ. ಮೊದಲ ಹತ್ತು ಸೆಕೆಂಡಿನಲ್ಲೇ ಗೆರೆ ಕಡಿದಾಗಿ ಇಳಿದಿದ್ದರೆ ಮುಂದಿನ ತುಣುಕುಗಳನ್ನು ತಿದ್ದಿ ಪ್ರಯೋಜನವಿಲ್ಲ, ಮೊದಲ ವಾಕ್ಯವನ್ನೇ ಬದಲಿಸಬೇಕು.