ಒಂಬತ್ತರಿಂದ ಭಾಗಿಸಿ ನೋಡುವ ಸೆಕ್ರೆಟ್ರಿ

ಮಂಡ್ಯ ಸೀಮೆಯ ಹಳ್ಳಿಯೊಂದರ ಹಾಲಿನ ಡೇರಿಯಲ್ಲಿ ಬಹುಕಾಲ ಕಾರ್ಯದರ್ಶಿಯಾಗಿದ್ದ ಹಿರಿಯರನ್ನು ಊರವರು ಈಗಲೂ ಸೆಕ್ರೆಟ್ರಿ ಎಂದೇ ಕರೆಯುತ್ತಾರೆ. ಅವರು ಬರೆದ ಹಾಲು ಸಂಗ್ರಹಣೆ ಪುಸ್ತಕಗಳು ಸಂಘದ ಬೀರುವಿನಲ್ಲಿ ಇನ್ನೂ ಇವೆ. ಕೊಡಗಿನ ಕೂಡಿಗೆಯಲ್ಲಿ 1955ರಲ್ಲಿ ರಾಜ್ಯದ ಮೊದಲ ಹಾಲು ಸಹಕಾರ ಸಂಸ್ಥೆ ಶುರುವಾಯಿತು. ಆ ಮೇಲೆ ಊರೂರಿಗೂ ಡೇರಿ ಬಂತು, ಜೊತೆಗೆ ಈ ಉದ್ದನೆಯ ಪುಸ್ತಕವೂ ಬಂತು.

ಪುಸ್ತಕದಲ್ಲಿ ಬೆಳಿಗ್ಗೆಗೊಂದು, ಸಂಜೆಗೊಂದು ಪುಟ. ಸದಸ್ಯರ ಸಂಖ್ಯೆ, ಲೀಟರು, ಫ್ಯಾಟು, ದರ. ತಿಂಗಳ ಕೊನೆಗೆ ಪ್ರತಿಯೊಬ್ಬರ ಅರವತ್ತು ಸಲದ ಹಾಲನ್ನು ಅವರವರ ಖಾತೆಗೆ ಇಳಿಸಿ, ಪಶು ಆಹಾರದ ಬಾಕಿ ಮುರಿದುಕೊಂಡು, ಬಟವಾಡೆ ಪಟ್ಟಿ ಮಾಡಬೇಕಿತ್ತು. ಎಲ್ಲರ ಖಾತೆಗಳ ಒಟ್ಟು ಲೀಟರೂ ಎಲ್ಲ ಪುಟಗಳ ಅಡಿಮೊತ್ತವೂ ತಾಳೆಯಾಗುವ ತನಕ ಒಬ್ಬರಿಗೂ ದುಡ್ಡು ಕೊಡುವಂತಿರಲಿಲ್ಲ.

ತಾಳೆಯಾಗದಿದ್ದರೆ? ಸೆಕ್ರೆಟ್ರಿ ಒಂದು ಲೆಕ್ಕ ಬರೆದು ತೋರಿಸಿದರು. ಖಾತೆಗಳ ಮೊತ್ತ 9,850.3 ಲೀಟರು, ಪುಟಗಳ ಮೊತ್ತ 9,847.6. ವ್ಯತ್ಯಾಸ 2.7. "ಮೊದ್ಲು ಒಂಬತ್ರಿಂದ ಭಾಗ್ಸಿ ನೋಡ್ಬೇಕು ಕಣ್ರೀ" ಎಂದರು. ಚುಕ್ಕಿ ತೆಗೆದರೆ 27. ಒಂಬತ್ತರಿಂದ ಭಾಗಿಸಿದರೆ ಸರಿಯಾಗಿ 3. ಅಂದರೆ ನಕಲು ಮಾಡುವಾಗ ಎಲ್ಲೋ ಅಕ್ಕಪಕ್ಕದ ಎರಡು ಅಂಕಿ ಹಿಂದುಮುಂದಾಗಿರುವ ಸಾಧ್ಯತೆ ಹೆಚ್ಚು. ಆ ಎರಡು ಅಂಕಿಗಳ ನಡುವಿನ ಅಂತರವೂ 3 ಇರಬೇಕು. ಹಾಗಾಗಿ ಸಾವಿರಾರು ನಮೂದು ತಿರುವಬೇಕಿಲ್ಲ; ಖಾತೆಯಲ್ಲಿ 5.2, 6.3, 7.4, 8.5ರಂಥ ಅಂಕಿಗಳ ಮೇಲಷ್ಟೇ ಬೆರಳಾಡಿಸಿದರೆ ಸಾಕು. ಒಬ್ಬ ಹೆಂಗಸಿನ ಖಾತೆಯಲ್ಲಿ 7.4 ಎಂದಿತ್ತು, ಆ ಸಂಜೆಯ ಪುಟದಲ್ಲಿ 4.7. ಲೀಟರಿಗೆ 35 ರೂಪಾಯಿ ಹಿಡಿದರೂ 94 ರೂಪಾಯಿ 50 ಪೈಸೆ ಹೆಚ್ಚು ಹೋಗಿಬಿಡುತ್ತಿತ್ತು. ಇದೇ ತಪ್ಪು ತಿರುಗುಮುರುಗಾಗಿದ್ದರೆ ಅಷ್ಟೂ ದುಡ್ಡು ಎಮ್ಮೆ ಸಾಕಿದ ಆ ಹೆಂಗಸಿನ ಕೈತಪ್ಪುತ್ತಿತ್ತು. ನನ್ನನ್ನು ತಟ್ಟಿದ್ದು ಈ ಎರಡನೆಯದು.

ದರದ ತಪ್ಪು ಈ ಒಂಬತ್ತರ ಲೆಕ್ಕಕ್ಕೆ ಸಿಕ್ಕುವುದಿಲ್ಲ, ಏಕೆಂದರೆ ಲೀಟರು ಸರಿಯಾಗಿಯೇ ಇರುತ್ತದೆ. ತಿಂಗಳ ನಡುವೆ ದರ ಬದಲಾದ ದಿನ ಸೆಕ್ರೆಟ್ರಿ ಪ್ರತಿ ಖಾತೆಗೂ ಕೆಂಪು ಗೆರೆ ಎಳೆದು, ಅಲ್ಲಿಯವರೆಗಿನ ಮೊತ್ತ ಕಟ್ಟಿ, ಮುಂದಿನದನ್ನು ಬೇರೆಯಾಗಿ ಶುರುಮಾಡುತ್ತಿದ್ದರು. ಕೊನೆಗೆ ಒಟ್ಟು ಹಣವನ್ನು ಒಟ್ಟು ಲೀಟರಿನಿಂದ ಭಾಗಿಸಿ, ಬಂದ ಸರಾಸರಿ ಆ ಸದಸ್ಯರ ಕಡಿಮೆ ದರಕ್ಕೂ ಹೆಚ್ಚಿನ ದರಕ್ಕೂ ನಡುವೆ ಬಿತ್ತೇ ಎಂದು ನೋಡುತ್ತಿದ್ದರು. ಇನ್ನು ಹಾಲು ಅಳೆದಾಗಲೇ ತಪ್ಪು ಬರೆದಿದ್ದರೆ ಯಾವ ಕೂಡಿಕೆಯೂ ಹಿಡಿಯಲಾರದು. ಅದಕ್ಕೆ ಸದಸ್ಯರ ಪಾಸ್‌ಬುಕ್ಕೇ ಗತಿ. ಬಟವಾಡೆಯ ಹಿಂದಿನ ದಿನ ಓದುಬಾರದವರನ್ನು ಕೂರಿಸಿಕೊಂಡು ದಿನದಿನದ ಹಾಲನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. "ಓದಕ್ಕೆ ಬರ್ದಿದ್ರೂ ಹಸು ಎಷ್ಟು ಕರೀತು ಅನ್ನೋದು ಅವ್ರಿಗೆ ಮರ್ಯಲ್ಲ."

ಈಗ ತೂಕ, ಫ್ಯಾಟು, ದರ ಎಲ್ಲವನ್ನೂ ಯಂತ್ರವೇ ಹಿಡಿದು ಚೀಟಿ ಕೊಡುತ್ತದೆ. ಕೈತಪ್ಪು ಕಡಿಮೆಯಾಗಿದೆ, ಅದು ಒಳ್ಳೆಯದೇ. ಆದರೆ ಆ ಚೀಟಿಯ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಗಟ್ಟಿಯಾಗಿ ಓದಿ ಹೇಳುವವರೂ ಇಲ್ಲ. ಕರೆಂಟು ಕೈಕೊಟ್ಟ ದಿನ ಹಾಲನ್ನು ಪುಸ್ತಕದಲ್ಲೇ ಬರೆದು ಮರುದಿನ ಕಂಪ್ಯೂಟರಿಗೆ ತುಂಬುತ್ತಾರೆ. ಅಲ್ಲಿ 4.7 ಈಗಲೂ 7.4 ಆಗಬಹುದು. ಒಂಬತ್ತರಿಂದ ಭಾಗಿಸುವುದನ್ನು ಈಗಿನ ಹುಡುಗರು ಯಾರೂ ಕಲಿಯಲು ಬಂದಿಲ್ಲ.