ಶೇ 25 ಯೀಲ್ಡ್ ಕಂಡರೆ ಏನು ಮಾಡಬೇಕು?

2023ರ ಮಾರ್ಚ್‌ನಲ್ಲಿ ಹಿಂದೂಸ್ತಾನ್ ಜಿಂಕ್ ಕಂಪನಿ ಷೇರೊಂದಕ್ಕೆ 26 ರೂಪಾಯಿ ಮಧ್ಯಂತರ ಡಿವಿಡೆಂಡ್ ಘೋಷಿಸಿತು. ಆ ಹಣಕಾಸು ವರ್ಷದಲ್ಲಿ ಅದು ನಾಲ್ಕನೆಯದು. ಜುಲೈನಲ್ಲಿ 21, ನವೆಂಬರ್‌ನಲ್ಲಿ 15.50, ಜನವರಿಯಲ್ಲಿ 13 ರೂಪಾಯಿ ಆಗಲೇ ಬಂದಿತ್ತು. ಎಲ್ಲ ಸೇರಿದರೆ ವರ್ಷಕ್ಕೆ 75.50 ರೂಪಾಯಿ. ಆಗ ಷೇರಿನ ಬೆಲೆ 300 ರೂಪಾಯಿ ಆಸುಪಾಸಿನಲ್ಲಿತ್ತು. ಬ್ಯಾಂಕಿನ ಠೇವಣಿಗೆ ಶೇ 7ರಷ್ಟು ಬಡ್ಡಿ ಸಿಕ್ಕರೆ ಸಾಕು ಎನ್ನುವವರ ಕಣ್ಣಿಗೆ ಶೇ 25ರ ಆದಾಯ ಬಿದ್ದರೆ ಮನಸ್ಸು ಓಡದೆ ಇರುತ್ತದೆಯೇ?

ಸುದ್ದಿ ತಲೆಬರಹಗಳಲ್ಲಿ ಈ 26 ರೂಪಾಯಿ 'ಶೇ 1,300 ಡಿವಿಡೆಂಡ್' ಎಂದಾಗುತ್ತದೆ. ನಮ್ಮಲ್ಲಿ ಡಿವಿಡೆಂಡನ್ನು ಷೇರಿನ ಮುಖಬೆಲೆಯ ಮೇಲೆ ಲೆಕ್ಕ ಹಾಕಿ ಹೇಳುವ ರೂಢಿ ಇದೆ. ಹಿಂದೂಸ್ತಾನ್ ಜಿಂಕ್‌ನ ಮುಖಬೆಲೆ 2 ರೂಪಾಯಿ. ಅದರ ಹದಿಮೂರು ಪಟ್ಟು 26. ಆದರೆ 2 ರೂಪಾಯಿಗೆ ಆ ಷೇರು ಯಾರಿಗೂ ಸಿಗುವುದಿಲ್ಲ. ಹಾಗಾಗಿ ಈ ಸಂಖ್ಯೆಯಿಂದ ಹೂಡಿಕೆದಾರರಿಗೆ ಏನೂ ಪ್ರಯೋಜನವಿಲ್ಲ, ಅದನ್ನು ಓದಿ ಬಿಟ್ಟುಬಿಡಬಹುದು.

ಬೇಕಾಗಿರುವುದು ಎರಡೇ ಲೆಕ್ಕ. ವರ್ಷದ ಡಿವಿಡೆಂಡನ್ನು ಷೇರಿನ ಮಾರುಕಟ್ಟೆ ಬೆಲೆಯಿಂದ ಭಾಗಿಸಿದರೆ ಬರುವುದು ಡಿವಿಡೆಂಡ್ ಯೀಲ್ಡ್: ನೀವು ಹಾಕಿದ ದುಡ್ಡಿಗೆ ಕೈಗೆ ಬರುವ ಪಾಲು ಎಷ್ಟು ಎಂಬುದನ್ನು ಅದು ಹೇಳುತ್ತದೆ. ಅದೇ ಡಿವಿಡೆಂಡನ್ನು ಷೇರೊಂದಕ್ಕೆ ಕಂಪನಿ ಗಳಿಸಿದ ಲಾಭದಿಂದ, ಅಂದರೆ ಇಪಿಎಸ್‌ನಿಂದ ಭಾಗಿಸಿದರೆ ಪೇಔಟ್ ಅನುಪಾತ ಸಿಗುತ್ತದೆ. ದುಡಿದದ್ದರಲ್ಲಿ ಕಂಪನಿ ಎಷ್ಟು ಹಂಚಿತು, ಎಷ್ಟು ಉಳಿಸಿಕೊಂಡಿತು ಎಂಬುದು ಇದರಿಂದ ಗೊತ್ತಾಗುತ್ತದೆ. ಮೊದಲನೆಯದನ್ನು ಎಲ್ಲರೂ ನೋಡುತ್ತಾರೆ, ಎರಡನೆಯದನ್ನು ನೋಡುವವರು ಕಡಿಮೆ.

ನಮ್ಮ ಬೆಂಗಳೂರಿನ ಇನ್ಫೊಸಿಸ್ ಅದೇ 2022-23ರಲ್ಲಿ ಷೇರೊಂದಕ್ಕೆ ಒಟ್ಟು 34 ರೂಪಾಯಿ ಕೊಟ್ಟಿತು. ಆ ವರ್ಷ ಅದರ ಇಪಿಎಸ್ ಸುಮಾರು 57 ರೂಪಾಯಿ. ನೂರು ರೂಪಾಯಿ ಗಳಿಸಿ ಅರವತ್ತರಷ್ಟು ಹಂಚಿದಂತಾಯಿತು. ಷೇರಿನ ಬೆಲೆ 1,400 ರೂಪಾಯಿ ದಾಟಿದ್ದರಿಂದ ಯೀಲ್ಡ್ ಮಾತ್ರ ಶೇ 2.5ನ್ನೂ ಮುಟ್ಟಲಿಲ್ಲ. ನೋಡಲು ಬಡಕಲು ಸಂಖ್ಯೆ. ಆದರೆ ಮುಂದಿನ ವರ್ಷವೂ ಅಷ್ಟು ಕೊಡುವ ಶಕ್ತಿ ಕಂಪನಿಗೆ ಇದೆಯೇ ಎಂದು ಕೇಳಿದರೆ, ಇದೆ ಎಂದು ಧೈರ್ಯವಾಗಿ ಹೇಳಬಹುದಿತ್ತು.

ಈಗ ಅದೇ ಪ್ರಶ್ನೆಯನ್ನು ಹಿಂದೂಸ್ತಾನ್ ಜಿಂಕ್‌ಗೆ ಕೇಳೋಣ. 2022-23ರಲ್ಲಿ ಅದು ಷೇರೊಂದಕ್ಕೆ ಗಳಿಸಿದ್ದು ಸುಮಾರು 25 ರೂಪಾಯಿ, ಕೊಟ್ಟದ್ದು 75.50. ಪೇಔಟ್ ಅನುಪಾತ ಶೇ 300. ಒಂದು ವರ್ಷದಲ್ಲಿ ಮೂರು ವರ್ಷದ ಲಾಭವನ್ನು ಹಂಚಿದ ಹಾಗೆ. ಕಾನೂನಿನ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲ. ಹಿಂದಿನ ವರ್ಷಗಳಲ್ಲಿ ಕೂಡಿಟ್ಟ ಲಾಭದಿಂದಲೂ ಡಿವಿಡೆಂಡ್ ಕೊಡಬಹುದು. ಆ ವರ್ಷ ಹೊರಗೆ ಹೋದ ಮೊತ್ತ ಸುಮಾರು 32 ಸಾವಿರ ಕೋಟಿ ರೂಪಾಯಿ. ವರ್ಷದ ಲಾಭ ಸುಮಾರು 10,500 ಕೋಟಿ. ವರ್ಷದ ಆರಂಭದಲ್ಲಿ ಬೊಕ್ಕಸದಲ್ಲಿ 20 ಸಾವಿರ ಕೋಟಿಗೂ ಹೆಚ್ಚು ನಗದು ಮತ್ತು ಹೂಡಿಕೆ ಇಟ್ಟುಕೊಂಡಿದ್ದ ಕಂಪನಿ, ವರ್ಷ ಮುಗಿಯುವಾಗ ಸಾಲಗಾರನಾಗಿತ್ತು.

ಇಷ್ಟು ಅವಸರ ಏಕೆ? ಹಿಂದೂಸ್ತಾನ್ ಜಿಂಕ್‌ನಲ್ಲಿ ಸುಮಾರು ಶೇ 65 ಷೇರು ವೇದಾಂತ ಕಂಪನಿಯ ಕೈಯಲ್ಲಿತ್ತು. ವೇದಾಂತದ ಮೇಲೆ ಲಂಡನ್‌ನ ವೇದಾಂತ ರಿಸೋರ್ಸಸ್ ಇದೆ, ಆಗ ಅದರ ತಲೆಯ ಮೇಲೆ ದೊಡ್ಡ ಸಾಲದ ಹೊರೆ ಇತ್ತು. ಕೆಳಗಿನ ಕಂಪನಿಯ ಡಿವಿಡೆಂಡ್ ಮೇಲಿನ ಕಂಪನಿಗೆ, ಅಲ್ಲಿಂದ ಅದರ ಮೇಲಿನದಕ್ಕೆ ಏರಿತು. ವೇದಾಂತವೂ ಅದೇ ವರ್ಷ ಐದು ಕಂತುಗಳಲ್ಲಿ 101.50 ರೂಪಾಯಿ ಕೊಟ್ಟಿತು. ಅದರ ಇಪಿಎಸ್ ಇದ್ದದ್ದು 28.50. ಹಿಂದೂಸ್ತಾನ್ ಜಿಂಕ್‌ನಲ್ಲಿ ಆಗ ಶೇ 29ಕ್ಕೂ ಹೆಚ್ಚು ಷೇರು ಹೊಂದಿದ್ದ ಕೇಂದ್ರ ಸರ್ಕಾರಕ್ಕೂ ದೊಡ್ಡ ಪಾಲು ಹೋಯಿತು. ಸಣ್ಣ ಹೂಡಿಕೆದಾರರಿಗೂ ಅವರವರ ಪಾಲು ತಪ್ಪದೆ ಬಂತು, ಅದನ್ನು ಅಲ್ಲಗಳೆಯಲಾಗದು. ಆದರೆ ಕೊಡುವ ನಿರ್ಧಾರದ ಹಿಂದೆ ಇದ್ದದ್ದು ಪ್ರವರ್ತಕರ ಅಗತ್ಯ, ಗಣಿಯ ವ್ಯವಹಾರ ಏಕಾಏಕಿ ಮೂರು ಪಟ್ಟು ಬೆಳೆದದ್ದಲ್ಲ ಎಂಬುದು ನನ್ನ ಅಭಿಪ್ರಾಯ.

ಮುಂದಿನ ವರ್ಷ, 2023-24ರಲ್ಲಿ, ಹಿಂದೂಸ್ತಾನ್ ಜಿಂಕ್ ಕೊಟ್ಟದ್ದು 7 ಮತ್ತು 6, ಒಟ್ಟು 13 ರೂಪಾಯಿ. ಶೇ 25 ಸಿಗುತ್ತದೆ ಎಂದು 300 ರೂಪಾಯಿಗೆ ಷೇರು ಕೊಂಡವರ ಕೈಗೆ ಬಂದದ್ದು ಶೇ 4.3. ಅದರ ಮೇಲೆ ತೆರಿಗೆಯೂ ಇದೆ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ಪಡೆದವರೇ ತಮ್ಮ ಆದಾಯದ ಸ್ಲ್ಯಾಬ್ ಪ್ರಕಾರ ತೆರಿಗೆ ಕಟ್ಟಬೇಕು. ಪರದೆಯ ಮೇಲೆ ಕಾಣುವ ಯೀಲ್ಡ್ ಸಾಮಾನ್ಯವಾಗಿ ಕಳೆದ ಹನ್ನೆರಡು ತಿಂಗಳ ಲೆಕ್ಕ. ಆಗಿಹೋದದ್ದನ್ನು ಅದು ಹೇಳುತ್ತದೆ, ಮುಂದೆ ಕೊಡುತ್ತೇವೆ ಎಂಬ ಭರವಸೆ ಅದರಲ್ಲಿಲ್ಲ. ಠೇವಣಿಯ ಬಡ್ಡಿಯಂತೆ ಡಿವಿಡೆಂಡ್ ಕರಾರಿನ ಹಣವೂ ಅಲ್ಲ.

ಯೀಲ್ಡ್ ಏರಲು ಇನ್ನೊಂದು ದಾರಿಯೂ ಇದೆ, ಅದು ಇದಕ್ಕಿಂತ ಹೆಚ್ಚು ಅಪಾಯಕಾರಿ. 200 ರೂಪಾಯಿಯ ಷೇರಿಗೆ 10 ರೂಪಾಯಿ ಡಿವಿಡೆಂಡ್ ಇದ್ದರೆ ಯೀಲ್ಡ್ ಶೇ 5. ವ್ಯಾಪಾರ ಕುಸಿಯುವ ಸುಳಿವು ಸಿಕ್ಕಿ ಷೇರು 100ಕ್ಕೆ ಇಳಿದರೆ ಯೀಲ್ಡ್ ತಾನಾಗಿ ಶೇ 10 ಆಗುತ್ತದೆ. ಕಂಪನಿ ಒಂದು ಪೈಸೆಯನ್ನೂ ಹೆಚ್ಚಿಗೆ ಕೊಟ್ಟಿಲ್ಲ. ಬೆಲೆ ಇಂದಿನದು, ಡಿವಿಡೆಂಡ್ ನಿನ್ನೆಯದು. ಡಿವಿಡೆಂಡ್ ಕಡಿತವಾಗಬಹುದು ಎಂದು ಮಾರುಕಟ್ಟೆ ಮೊದಲೇ ಊಹಿಸಿ ಬೆಲೆ ಇಳಿಸಿರುತ್ತದೆ, ಸಂಖ್ಯೆ ಮಾತ್ರ ಇನ್ನೂ ಹಳೆಯದನ್ನೇ ತೋರಿಸುತ್ತಿರುತ್ತದೆ.

ಹಾಗೆಂದು ಹೆಚ್ಚು ಯೀಲ್ಡ್ ಇರುವ ಷೇರೆಲ್ಲ ಕೆಟ್ಟದ್ದಲ್ಲ. ಹಿಂದೂಸ್ತಾನ್ ಜಿಂಕ್‌ನ ಷೇರೇ 2024ರ ಮೇ ತಿಂಗಳಲ್ಲಿ 800 ರೂಪಾಯಿ ದಾಟಿತು. ಆದರೆ ಡಿವಿಡೆಂಡ್ ಇಷ್ಟೊಂದು ಇಳಿದ ಮೇಲೆ ಬಂದ ಏರಿಕೆ ಅದು. ಶೇ 25ರ ಆದಾಯ ನಂಬಿದವರ ಲೆಕ್ಕ ಸರಿಯಾಗಿತ್ತು ಎಂದು ಅದರಿಂದ ಹೇಳಲಾಗದು.

ಹಾಗಾದರೆ ಪರೀಕ್ಷಿಸುವುದು ಹೇಗೆ? ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲಿ ಕಂಪನಿಯ ಐದಾರು ವರ್ಷಗಳ ಡಿವಿಡೆಂಡ್ ಪಟ್ಟಿ ಸಿಗುತ್ತದೆ. ಈ ವರ್ಷದ ಮೊತ್ತ ಅದರಲ್ಲಿ ಎದ್ದು ಕಾಣುತ್ತಿದ್ದರೆ, ಆ ವರ್ಷವನ್ನು ಬಿಟ್ಟು ಉಳಿದವುಗಳ ಸರಾಸರಿಯಿಂದ ಯೀಲ್ಡ್ ಹಾಕಿ ನೋಡಿ. ಆಮೇಲೆ ಪೇಔಟ್ ಅನುಪಾತ. ಅದು ಶೇ 100 ದಾಟಿದ್ದರೆ ಹಣ ಹಳೆಯ ಉಳಿತಾಯದಿಂದಲೋ ಸಾಲದಿಂದಲೋ ಬಂದಿದೆ ಎಂದೇ ಅರ್ಥ. ಯಾವುದರಿಂದ ಎಂಬುದು ವಾರ್ಷಿಕ ವರದಿಯ ನಗದು ಹರಿವಿನ ಪಟ್ಟಿಯಲ್ಲಿ ಕಾಣುತ್ತದೆ: ವ್ಯವಹಾರದಿಂದ ಬಂದ ನಗದಿನಲ್ಲಿ ಯಂತ್ರ, ಕಟ್ಟಡಗಳಿಗೆ ಹಾಕಿದ್ದನ್ನು ಕಳೆದು ಉಳಿದದ್ದು ಕೊಟ್ಟ ಡಿವಿಡೆಂಡಿಗೆ ಸಾಕಾಗುತ್ತದೆಯೇ ನೋಡಬೇಕು. ಸತು, ಉಕ್ಕು, ಕಲ್ಲಿದ್ದಲಿನಂಥ ಕಂಪನಿಗಳ ಲಾಭ ಜಾಗತಿಕ ಬೆಲೆಯ ಜೊತೆ ಏರಿಳಿಯುವುದರಿಂದ, ಒಂದು ಒಳ್ಳೆಯ ವರ್ಷದ ಪೇಔಟ್ ನೋಡಿ ನೆಮ್ಮದಿ ಪಡುವಂತಿಲ್ಲ. ಕೆಟ್ಟ ವರ್ಷವೂ ಸೇರಿರಬೇಕು.

ನಿವೃತ್ತಿಯ ಹಣವನ್ನು ಡಿವಿಡೆಂಡ್ ನಂಬಿ ಷೇರಿಗೆ ಹಾಕಲು ಹೊರಟವರಲ್ಲಿ ನನ್ನ ಕೋರಿಕೆ ಒಂದೇ. ಯೀಲ್ಡ್ ಎರಡಂಕಿಯಲ್ಲಿದ್ದರೆ, ಅಷ್ಟು ಹಣ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಸಿಗುವವರೆಗೆ ಕೊಳ್ಳಬೇಡಿ.